ಗಾಲ್ಫ್‌ನಲ್ಲಿ ದಂಡದ ಹೊಡೆತಗಳು: ಕಳೆದ ಚೆಂಡು, ಎಲ್ಲೆ ದಾಟಿದ ಚೆಂಡು, ಆಡಲಾಗದ ಚೆಂಡು ಮತ್ತು ಡ್ರಾಪ್ ಕ್ರಮ

ಗಾಲ್ಫ್ ಆಟದಲ್ಲಿ ದಂಡದ ಹೊಡೆತ ಎಂದರೆ ಆಟಗಾರನು ನಿಜವಾಗಿ ಹೊಡೆಯದಿದ್ದರೂ ನಿಯಮದ ಪ್ರಕಾರ ಅವನ ಲೆಕ್ಕಕ್ಕೆ ಸೇರಿಸಲಾಗುವ ಹೊಡೆತ. ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನೇ ಗೆಲ್ಲುವ ಆಟ ಇದಾದುದರಿಂದ, ಹೀಗೆ ಸೇರುವ ಒಂದೊಂದು ಹೊಡೆತವೂ ನಷ್ಟವೇ ಆಗಿರುತ್ತದೆ. ಹವ್ಯಾಸಿ ಆಟಗಾರರು ಹೆಚ್ಚಾಗಿ ದಂಡ ತೆರುವ ಸಂದರ್ಭಗಳಲ್ಲಿ ಮೂರು ಮುಖ್ಯವಾದವು: ಹುಡುಕಿದರೂ ಸಿಗದ ಚೆಂಡು, ಮೈದಾನದ ಎಲ್ಲೆಯನ್ನು ದಾಟಿ ಹೋದ ಚೆಂಡು, ಮತ್ತು ಸಿಕ್ಕಿದರೂ ಹೊಡೆಯಲು ಬಾರದ ಜಾಗದಲ್ಲಿ ಕುಳಿತ ಚೆಂಡು. ಮೊದಲ ಎರಡು ಸಂದರ್ಭಗಳನ್ನು ಗಾಲ್ಫ್ ನಿಯಮಾವಳಿಯ 18ನೆಯ ನಿಯಮವೂ, ಮೂರನೆಯದನ್ನು 19ನೆಯ ನಿಯಮವೂ, ಚೆಂಡನ್ನು ಮತ್ತೆ ಆಟಕ್ಕೆ ತರುವ ಕ್ರಮವನ್ನು 14ನೆಯ ನಿಯಮವೂ ವಿವರಿಸುತ್ತವೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಮತ್ತು ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್ ಎಂಬ ಎರಡು ಸಂಸ್ಥೆಗಳು ಸೇರಿ ಈ ನಿಯಮಾವಳಿಯನ್ನು ರೂಪಿಸುತ್ತವೆ. 2019ರಲ್ಲಿ ಇದು ಬಹುಮಟ್ಟಿಗೆ ಮಾರ್ಪಟ್ಟಿತು. 2023ರಲ್ಲಿ ಇನ್ನಷ್ಟು ತಿದ್ದುಪಡಿಗಳಾದವು. ಹಳೆಯ ನಿಯಮಗಳನ್ನು ಕಲಿತವರು ಇಂದಿಗೂ ಎಡವುವುದು ಈ ಬದಲಾವಣೆಗಳ ಬಳಿಯಲ್ಲೇ.

## ಹೊಡೆತ ಮತ್ತು ದೂರ

ಕಳೆದ ಚೆಂಡಿಗೂ ಎಲ್ಲೆ ದಾಟಿದ ಚೆಂಡಿಗೂ ಇರುವ ದಂಡ ಒಂದೇ. ಅದನ್ನು 'ಹೊಡೆತ ಮತ್ತು ದೂರದ ದಂಡ' ಎಂದು ಕರೆಯಬಹುದು. ಆಟಗಾರನು ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡು, ಹಿಂದಿನ ಹೊಡೆತವನ್ನು ಎಲ್ಲಿಂದ ಹೊಡೆದಿದ್ದನೋ ಅಲ್ಲಿಗೇ ಹಿಂದಿರುಗಿ ಇನ್ನೊಂದು ಚೆಂಡನ್ನು ಆಡಬೇಕು. ಅಂದರೆ ಅವನು ಕಳೆದುಕೊಳ್ಳುವುದು ಎರಡು: ಒಂದು ಹೊಡೆತ, ಮತ್ತು ಆ ಹೊಡೆತದಿಂದ ಗಳಿಸಿದ್ದ ದೂರ.

ಎಣಿಕೆ ಹೀಗೆ ಸಾಗುತ್ತದೆ. ಟೀ ಅಂಗಳದಿಂದ (ಪ್ರತಿ ಕುಳಿಯ ಆಟ ಆರಂಭವಾಗುವ ಜಾಗ) ಹೊಡೆದ ಚೆಂಡು ಎಲ್ಲೆ ದಾಟಿತೆನ್ನೋಣ. ಅದು ಮೊದಲನೆಯ ಹೊಡೆತ. ದಂಡ ಸೇರಿದಾಗ ಎರಡಾಯಿತು. ಮತ್ತೆ ಟೀ ಅಂಗಳದಿಂದಲೇ ಹೊಡೆಯುವುದು ಮೂರನೆಯದು. ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ ಕುಳಿಯಲ್ಲಿ ಮೂರನೆಯ ಹೊಡೆತವನ್ನು ಆರಂಭದ ಜಾಗದಿಂದಲೇ ಹೊಡೆಯಬೇಕಾಗುವುದು ಎಂಥವರಿಗೂ ಕಹಿಯಾದ ಅನುಭವ.

ಈ ನಿಯಮ ಬಹಳ ಹಳೆಯದು. ಗಾಲ್ಫ್‌ಗೆ ಸಂಬಂಧಿಸಿದಂತೆ ಉಳಿದುಬಂದಿರುವ ಅತ್ಯಂತ ಹಳೆಯ ನಿಯಮಗಳು 1744ರಲ್ಲಿ ಎಡಿನ್‌ಬರೋದ ಗಾಲ್ಫ್ ಆಟಗಾರರು ಲೀತ್ ಮೈದಾನದ ಪಂದ್ಯಕ್ಕಾಗಿ ಬರೆದುಕೊಂಡ ಹದಿಮೂರು ಅಂಶಗಳು. ಅವುಗಳಲ್ಲಿ ಎಂಟನೆಯದು ಕಳೆದ ಚೆಂಡನ್ನು ಕುರಿತದ್ದು. ಚೆಂಡನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೂ, ಬೇರಾವ ರೀತಿಯಲ್ಲಿ ಕಳೆದಿದ್ದರೂ, ಕೊನೆಯದಾಗಿ ಹೊಡೆದ ಸ್ಥಳಕ್ಕೆ ಹಿಂದಿರುಗಿ ಬೇರೊಂದು ಚೆಂಡನ್ನು ಬೀಳಿಸಬೇಕು, ಎದುರಾಳಿಗೆ ಒಂದು ಹೊಡೆತವನ್ನು ಬಿಟ್ಟುಕೊಡಬೇಕು ಎಂಬುದು ಅದರ ಸಾರ. ಸುಮಾರು ಮುನ್ನೂರು ವರ್ಷಗಳಾಗುತ್ತಾ ಬಂದರೂ ಈ ತಿರುಳು ಇಂದಿಗೂ ಹಾಗೆಯೇ ಉಳಿದಿದೆ.

ಸಾಮಾನ್ಯ ಆಟದಲ್ಲಿ ತೀರ ಹೆಚ್ಚಾಗಿ ಕಾಣುವ ತಪ್ಪೂ ಇಲ್ಲಿಯೇ ಇದೆ. ಚೆಂಡು ಕಳೆದ ಪೊದೆಯ ಬಳಿಯಲ್ಲೇ ಇನ್ನೊಂದು ಚೆಂಡನ್ನು ಹಾಕಿ, 'ಒಂದು ದಂಡ' ಎಂದು ಹೇಳಿಕೊಂಡು ಆಟ ಮುಂದುವರಿಸುವವರು ಅನೇಕರು. ನಿಯಮದ ದೃಷ್ಟಿಯಲ್ಲಿ ಇದು ತಪ್ಪು ಜಾಗದಿಂದ ಆಡಿದಂತೆ. ಅದೂ ಗಂಭೀರ ಸ್ವರೂಪದ ತಪ್ಪು, ಏಕೆಂದರೆ ಆಟಗಾರನಿಗೆ ನೂರಾರು ಗಜಗಳ ಲಾಭ ದೊರೆತಿರುತ್ತದೆ. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಇದಕ್ಕೆ ಹೆಚ್ಚುವರಿಯಾಗಿ ಎರಡು ಹೊಡೆತಗಳ ದಂಡವಿದೆ. ಜೊತೆಗೆ, ಮುಂದಿನ ಕುಳಿಯ ಮೊದಲ ಹೊಡೆತಕ್ಕೆ ಮುನ್ನ ಹಿಂದಿರುಗಿ ಸರಿಯಾದ ಜಾಗದಿಂದ ಆಡದಿದ್ದರೆ ಆಟಗಾರನು ಸ್ಪರ್ಧೆಯಿಂದಲೇ ಅನರ್ಹನಾಗುತ್ತಾನೆ.

## ಕಳೆದ ಚೆಂಡು

ಆಟಗಾರನಾಗಲಿ ಅವನ ಕ್ಯಾಡಿಯಾಗಲಿ (ಕ್ಲಬ್ಬುಗಳ ಚೀಲ ಹೊರುವ ಸಹಾಯಕ) ಹುಡುಕಲು ಆರಂಭಿಸಿದ ಕ್ಷಣದಿಂದ ಮೂರು ನಿಮಿಷಗಳೊಳಗೆ ಚೆಂಡು ಸಿಗದಿದ್ದರೆ ಅದು 'ಕಳೆದ ಚೆಂಡು' ಎನಿಸುತ್ತದೆ. 2019ಕ್ಕೆ ಮುಂಚೆ ಈ ಅವಧಿ ಐದು ನಿಮಿಷಗಳಾಗಿತ್ತು. ಗಡಿಯಾರ ಓಡಲಾರಂಭಿಸುವುದು ಚೆಂಡು ಬಿದ್ದಾಗಲೂ ಅಲ್ಲ, ಮುಂದೆ ನಿಂತಿದ್ದ ಪ್ರೇಕ್ಷಕರು ಹುಡುಕತೊಡಗಿದಾಗಲೂ ಅಲ್ಲ. ಆಟಗಾರನ ಪಕ್ಷದವರು ಆ ಜಾಗವನ್ನು ತಲುಪಿ ಹುಡುಕಾಟ ಶುರುಮಾಡಿದಾಗ.

ಮೂರು ನಿಮಿಷಗಳೊಳಗೆ ಒಂದು ಚೆಂಡು ಕಣ್ಣಿಗೆ ಬಿದ್ದು, ಅದು ತನ್ನದೇ ಹೌದೋ ಅಲ್ಲವೋ ಎಂದು ತಿಳಿಯದಿದ್ದರೆ, ಗುರುತಿಸಲು ಸಾಕಷ್ಟು ಸಮಯ ಕೊಡಲಾಗುತ್ತದೆ. ಇದಕ್ಕಾಗಿ ಚೆಂಡನ್ನು ಎತ್ತಬೇಕಾದರೆ ಮೊದಲು ಅದರ ಸ್ಥಾನವನ್ನು ಗುರುತು ಮಾಡಬೇಕು. ಗುರುತಿಸಲು ಬೇಕಾದಷ್ಟೇ ಒರೆಸಬೇಕು, ಅದಕ್ಕಿಂತ ಹೆಚ್ಚಲ್ಲ. ಒಂದೇ ತಯಾರಿಕೆಯ, ಒಂದೇ ಸಂಖ್ಯೆಯ ಚೆಂಡುಗಳು ಒಂದೇ ಪೊದೆಯಲ್ಲಿ ಎರಡು ಸಿಕ್ಕಿ, ಯಾವುದು ಯಾರದೆಂದು ಹೇಳಲಾಗದೆ ಹೋದರೆ ಚೆಂಡು ಕಣ್ಣೆದುರಿಗಿದ್ದೂ ಕಳೆದಂತೆಯೇ. ಆದುದರಿಂದ ಅನುಭವಿಗಳು ಆಟಕ್ಕೆ ಮುನ್ನ ಚೆಂಡಿನ ಮೇಲೆ ಶಾಯಿಯಿಂದ ಚುಕ್ಕೆಯನ್ನೋ ಗೆರೆಯನ್ನೋ ಹಾಕಿಟ್ಟುಕೊಂಡಿರುತ್ತಾರೆ. ಹುಡುಕುವಾಗ ಅಕಸ್ಮಾತ್ತಾಗಿ ಕಾಲು ತಗುಲಿ ಚೆಂಡು ಸರಿದರೆ ದಂಡವಿಲ್ಲ; ಅದನ್ನು ಮೊದಲಿದ್ದ ಜಾಗದಲ್ಲಿ ಇಟ್ಟರೆ ಸಾಕು.

'ನನ್ನ ಚೆಂಡು ಕಳೆಯಿತು' ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಚೆಂಡು ಕಳೆದದ್ದಾಗುವುದಿಲ್ಲ. ಒಂದೋ ಮೂರು ನಿಮಿಷ ಕಳೆಯಬೇಕು, ಇಲ್ಲವೇ ಆಟಗಾರನು ಹಿಂದಿರುಗಿ ಬೇರೊಂದು ಚೆಂಡನ್ನು ಆಟಕ್ಕೆ ತಂದಿರಬೇಕು. ಹಾಗೆ ತಂದ ಮೇಲೆ ಹಳೆಯ ಚೆಂಡು ಮರುಕ್ಷಣವೇ ಸಿಕ್ಕಿದರೂ ಪ್ರಯೋಜನವಿಲ್ಲ.

ಕೆಂಪು ಅಥವಾ ಹಳದಿ ಗೂಟಗಳಿಂದ ಗುರುತಿಸಿದ ಕೆರೆ, ತೊರೆ ಮುಂತಾದ ಪೆನಾಲ್ಟಿ ಪ್ರದೇಶದೊಳಕ್ಕೆ ಚೆಂಡು ಹೋದದ್ದು ಖಚಿತವಾಗಿದ್ದರೆ ಅದಕ್ಕೆ ಬೇರೆಯೇ ನಿಯಮವಿದೆ. ಅಲ್ಲಿ ಚೆಂಡು ಸಿಗದಿದ್ದರೂ ಮೂಲ ಸ್ಥಳಕ್ಕೆ ಹಿಂದಿರುಗುವುದು ಕಡ್ಡಾಯವಲ್ಲ.

## ಎಲ್ಲೆ ದಾಟಿದ ಚೆಂಡು

ಮೈದಾನದ ಎಲ್ಲೆಯನ್ನು ಸಾಮಾನ್ಯವಾಗಿ ಬಿಳಿಯ ಗೂಟಗಳಿಂದ, ಬೇಲಿಯಿಂದ, ಗೋಡೆಯಿಂದ ಅಥವಾ ನೆಲದ ಮೇಲಿನ ಬಿಳಿಯ ಗೆರೆಯಿಂದ ಗುರುತಿಸುತ್ತಾರೆ. ಗೂಟಗಳಿದ್ದಲ್ಲಿ, ಅವುಗಳ ಬುಡದಲ್ಲಿ ನೆಲಮಟ್ಟದಲ್ಲಿ ಮೈದಾನದ ಕಡೆಯ ಅಂಚುಗಳನ್ನು ಸೇರಿಸುವ ಕಾಲ್ಪನಿಕ ರೇಖೆಯೇ ಎಲ್ಲೆ. ಗೆರೆ ಎಳೆದಿದ್ದರೆ ಅದರ ಮೈದಾನದ ಕಡೆಯ ಅಂಚೇ ಎಲ್ಲೆ, ಗೆರೆಯೇ ಹೊರಗಿನದು. ಚೆಂಡು ಹೊರಗಿದೆ ಎನ್ನಬೇಕಾದರೆ ಅದು ಪೂರ್ತಿಯಾಗಿ ಎಲ್ಲೆಯ ಆಚೆಗಿರಬೇಕು. ಚೆಂಡಿನ ಒಂದಿಷ್ಟು ಭಾಗ ರೇಖೆಯ ಮೇಲೆ ಅಥವಾ ಒಳಗೆ ಇದ್ದರೂ ಅದು ಆಟದಲ್ಲಿದೆ. ಸಂದೇಹವಿದ್ದಾಗ ಎರಡು ಗೂಟಗಳ ನಡುವೆ ದಾರವನ್ನು ಬಿಗಿದು ನೋಡುವ ರೂಢಿಯಿದೆ.

ನೋಡಬೇಕಾದದ್ದು ಚೆಂಡು ಎಲ್ಲಿ ನಿಂತಿದೆ ಎಂಬುದನ್ನು ಮಾತ್ರ. ಗಾಳಿಯಲ್ಲಿ ಎಲ್ಲೆಯ ಮೇಲಿಂದ ಹೊರಹೋಗಿ, ಮರಕ್ಕೆ ಬಡಿದು ಒಳಗೆ ಬಂದು ಬಿದ್ದ ಚೆಂಡಿಗೆ ಯಾವ ದಂಡವೂ ಇಲ್ಲ. ಆಟಗಾರನು ತಾನು ಎಲ್ಲೆಯ ಹೊರಗೆ ನಿಂತು ಒಳಗಿರುವ ಚೆಂಡನ್ನು ಹೊಡೆಯಬಹುದು. ಆದರೆ ಹೊಡೆತಕ್ಕೆ ಅಡ್ಡವಾಗಿದೆಯೆಂದು ಬಿಳಿಯ ಗೂಟವನ್ನು ಕೀಳುವಂತಿಲ್ಲ. ಉಳಿದ ಬಣ್ಣದ ಗೂಟಗಳನ್ನು ಕಿತ್ತು ಬದಿಗಿಡುವ ಅಭ್ಯಾಸವಿರುವವರು ಇಲ್ಲಿ ಮೋಸಹೋಗುವುದುಂಟು.

## ತಾತ್ಕಾಲಿಕ ಚೆಂಡು

ಹುಡುಕಿ, ಸಿಗದೆ, ಮತ್ತೆ ಇನ್ನೂರು ಗಜ ಹಿಂದಕ್ಕೆ ನಡೆದು ಬರುವುದರಿಂದ ಹಿಂದಿನ ತಂಡಗಳೆಲ್ಲ ಕಾಯಬೇಕಾಗುತ್ತದೆ. ಇದನ್ನು ತಪ್ಪಿಸಲು ಇರುವ ವ್ಯವಸ್ಥೆಯೇ ತಾತ್ಕಾಲಿಕ ಚೆಂಡು, ಆಟಗಾರರ ಬಾಯಲ್ಲಿ 'ಪ್ರಾವಿಷನಲ್'. ಚೆಂಡು ಕಳೆದಿರಬಹುದು ಅಥವಾ ಎಲ್ಲೆ ದಾಟಿರಬಹುದು ಎಂದು ತೋರಿದಾಗ, ಮುಂದಕ್ಕೆ ಹೋಗುವ ಮೊದಲೇ ಅದೇ ಜಾಗದಿಂದ ಇನ್ನೊಂದು ಚೆಂಡನ್ನು ಹೊಡೆದಿಡಬಹುದು. ಚೆಂಡು ಪೆನಾಲ್ಟಿ ಪ್ರದೇಶದಲ್ಲಲ್ಲದೆ ಬೇರೆಲ್ಲೂ ಇರಲಾರದೆಂದು ಖಚಿತವಿದ್ದಾಗ ಈ ಅವಕಾಶವಿಲ್ಲ.

ಇದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಹೊಡೆಯುವ ಮುನ್ನ ಜೊತೆಯ ಆಟಗಾರರಿಗೆ ಕೇಳುವಂತೆ 'ಪ್ರಾವಿಷನಲ್ ಆಡುತ್ತಿದ್ದೇನೆ' ಎಂದು ಸ್ಪಷ್ಟವಾಗಿ ಹೇಳಬೇಕು. 'ಇನ್ನೊಂದು ಹೊಡೆಯುತ್ತೇನೆ' ಎಂಬ ಮಾತು ಸಾಲದು. ಹಾಗೆ ಹೇಳದೆ ಹೊಡೆದ ಕೂಡಲೇ ಮೊದಲ ಚೆಂಡು ಕಳೆದದ್ದಾಗುತ್ತದೆ, ಎರಡನೆಯದೇ ಆಟದ ಚೆಂಡಾಗುತ್ತದೆ. ಮೊದಲನೆಯದು ಫೇರ್‌ವೇಯ (ಹುಲ್ಲು ಕತ್ತರಿಸಿದ ನಡುಹಾದಿಯ) ನಟ್ಟನಡುವೆ ಸಿಕ್ಕಿದರೂ ಅದನ್ನು ಆಡುವಂತಿಲ್ಲ.

ಒಂದು ಸಂದರ್ಭವನ್ನು ಪೂರ್ತಿಯಾಗಿ ನೋಡಬಹುದು. ಆಟಗಾರ್ತಿಯೊಬ್ಬಳ ಮೊದಲ ಹೊಡೆತ ಬಲಗಡೆಯ ಮರಗಳ ಗುಂಪಿನತ್ತ ಹೋಯಿತು. ಆಚೆಗೆ ಬಿಳಿಯ ಗೂಟಗಳೂ ಇವೆ. ಅವಳು ಘೋಷಿಸಿ ತಾತ್ಕಾಲಿಕ ಚೆಂಡನ್ನು ಹೊಡೆದಳು. ಅದು ನೇರವಾಗಿ ಹೋದರೂ ಮರಗಳಿರುವಷ್ಟು ದೂರ ತಲುಪಲಿಲ್ಲ. ಮೊದಲ ಚೆಂಡು ಇರಬಹುದಾದ ಜಾಗಕ್ಕಿಂತ ಕುಳಿಗೆ ಹತ್ತಿರವಲ್ಲದ ಕಡೆಯಿಂದ ಎಷ್ಟು ಹೊಡೆತ ಹೊಡೆದರೂ ತಾತ್ಕಾಲಿಕ ಚೆಂಡು ತಾತ್ಕಾಲಿಕವಾಗಿಯೇ ಉಳಿಯುತ್ತದೆ. ಆದುದರಿಂದ ಅವಳು ಅದನ್ನು ಇನ್ನೊಮ್ಮೆ ಹೊಡೆದು, ಅನಂತರ ಮರಗಳ ಬಳಿಗೆ ಹೋಗಿ ಹುಡುಕುತ್ತಾಳೆ. ಎರಡು ನಿಮಿಷಗಳಲ್ಲಿ ಮೊದಲ ಚೆಂಡು ಎಲ್ಲೆಯೊಳಗೆ ಸಿಕ್ಕಿದರೆ ಅದನ್ನೇ ಎರಡನೆಯ ಹೊಡೆತವಾಗಿ ಆಡಬೇಕು. ತಾತ್ಕಾಲಿಕ ಚೆಂಡಿನ ಹೊಡೆತಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಮೂರು ನಿಮಿಷಗಳಾದರೂ ಸಿಗದಿದ್ದರೆ ಮೊದಲ ಹೊಡೆತ ಒಂದು, ದಂಡ ಒಂದು, ತಾತ್ಕಾಲಿಕ ಚೆಂಡಿನ ಎರಡು ಹೊಡೆತಗಳು ಸೇರಿ ನಾಲ್ಕಾಯಿತು. ಮುಂದೆ ಹೊಡೆಯುವುದು ಐದನೆಯದು. ಅವಳೇನಾದರೂ ಹುಡುಕದೆ ನೇರವಾಗಿ ಮುಂದೆ ಹೋಗಿ, ಮರಗಳಿಗಿಂತಲೂ ಕುಳಿಗೆ ಹತ್ತಿರದ ಜಾಗದಿಂದ ತಾತ್ಕಾಲಿಕ ಚೆಂಡನ್ನು ಹೊಡೆದರೆ, ಆ ಹೊಡೆತದೊಂದಿಗೆ ಅದೇ ಆಟದ ಚೆಂಡಾಗುತ್ತದೆ.

ಇದರಲ್ಲೊಂದು ತೊಡಕೂ ಇದೆ. ಮೊದಲ ಚೆಂಡು ಸಿಕ್ಕಿತು, ಆದರೆ ಬೇರುಗಳ ನಡುವೆ ಹೊಡೆಯಲಾಗದಂತೆ ಸಿಲುಕಿದೆ ಎನ್ನೋಣ. ಆಗ 'ತಾತ್ಕಾಲಿಕ ಚೆಂಡು ಚೆನ್ನಾಗಿ ಬಿದ್ದಿದೆ, ಅದನ್ನೇ ಆಡುತ್ತೇನೆ' ಎನ್ನುವಂತಿಲ್ಲ. ಮೊದಲನೆಯದು ಸಿಕ್ಕಿದ ಕ್ಷಣವೇ ಎರಡನೆಯದನ್ನು ಕೈಬಿಡಬೇಕು. ಅವಳು ಆಡಲಾಗದ ಚೆಂಡಿನ ನಿಯಮವನ್ನು ಬಳಸಬೇಕು. ಟೀ ಅಂಗಳಕ್ಕೇ ಹಿಂದಿರುಗಲು ಬಯಸಿದರೆ ಮತ್ತೆ ನಡೆದುಹೋಗಿ ಹೊಸದಾಗಿ ಹೊಡೆಯಬೇಕು. ತಾತ್ಕಾಲಿಕ ಚೆಂಡು ಅತ್ಯುತ್ತಮ ಜಾಗದಲ್ಲಿ ಬಿದ್ದಾಗ ಕೆಲವರು ಮೊದಲನೆಯದನ್ನು ಹುಡುಕದಿರುವುದು ಈ ಕಾರಣದಿಂದಲೇ. ಹಾಗೆ ಹುಡುಕದಿರಲು ಅವರಿಗೆ ಹಕ್ಕಿದೆ; ಆದರೆ ಬೇರೆಯವರು ಹುಡುಕುವುದನ್ನು ತಡೆಯುವ ಹಕ್ಕಿಲ್ಲ.

## ಆಡಲಾಗದ ಚೆಂಡು

ಚೆಂಡು ಆಡಲಾಗದ ಸ್ಥಿತಿಯಲ್ಲಿದೆ ಎಂದು ತೀರ್ಮಾನಿಸುವವನು ಆಟಗಾರನೊಬ್ಬನೇ. ಎದುರಾಳಿಯ ಒಪ್ಪಿಗೆ ಬೇಕಿಲ್ಲ, ಪಂಚರ ತೀರ್ಪೂ ಬೇಕಿಲ್ಲ. ಪೆನಾಲ್ಟಿ ಪ್ರದೇಶವೊಂದನ್ನು ಬಿಟ್ಟು ಮೈದಾನದ ಯಾವ ಭಾಗದಲ್ಲಾದರೂ ಅವನು ಹೀಗೆ ತೀರ್ಮಾನಿಸಬಹುದು. ಒಂದು ಹೊಡೆತದ ದಂಡ ತೆತ್ತ ಮೇಲೆ ಅವನ ಮುಂದೆ ಮೂರು ದಾರಿಗಳಿರುತ್ತವೆ.

ಮೊದಲನೆಯದು, ಹಿಂದಿನ ಹೊಡೆತದ ಸ್ಥಳಕ್ಕೆ ಮರಳುವುದು. ಎರಡನೆಯದು, ಚೆಂಡಿನ ಪಕ್ಕಕ್ಕೆ ಸರಿಯುವುದು: ಚೆಂಡಿರುವ ಬಿಂದುವಿನಿಂದ ಎರಡು ಕ್ಲಬ್ ಉದ್ದಗಳೊಳಗೆ, ಕುಳಿಗೆ ಆ ಬಿಂದುವಿಗಿಂತ ಹತ್ತಿರವಾಗದಂತೆ ಡ್ರಾಪ್ ಮಾಡಬೇಕು. ಮೂರನೆಯದು, ರೇಖೆಯ ಮೇಲೆ ಹಿಂದೆ ಸರಿಯುವುದು: ಕುಳಿಯಿಂದ ಚೆಂಡಿನ ಮೂಲಕ ಹಿಂದಕ್ಕೆ ಒಂದು ನೇರ ರೇಖೆಯನ್ನು ಕಲ್ಪಿಸಿಕೊಂಡು, ಆ ರೇಖೆಯ ಮೇಲೆ ಮೈದಾನದ ಎಲ್ಲೆಯೊಳಗೆ ಎಷ್ಟು ದೂರ ಬೇಕಾದರೂ ಹಿಂದಕ್ಕೆ ಹೋಗಿ ಡ್ರಾಪ್ ಮಾಡಬಹುದು. ಚೆಂಡು ಬಂದ ದಾರಿಯಲ್ಲೇ ಹಿಂದೆ ಹೋಗುವುದು ಎಂದು ಇದನ್ನು ತಪ್ಪಾಗಿ ತಿಳಿಯುವವರಿದ್ದಾರೆ. ಚೆಂಡು ಹಾರಿ ಬಂದ ದಾರಿಗೂ ಈ ರೇಖೆಗೂ ಸಂಬಂಧವಿಲ್ಲ. ಕುಳಿ, ಚೆಂಡು ಮತ್ತು ಹೊಸ ಜಾಗ ಈ ಮೂರೂ ಒಂದೇ ಸಾಲಿನಲ್ಲಿರಬೇಕು, ಅಷ್ಟೆ.

ಕೊನೆಯ ಎರಡು ದಾರಿಗಳಿಗೆ ಚೆಂಡು ಎಲ್ಲಿದೆ ಎಂಬುದು ತಿಳಿದಿರಲೇಬೇಕು, ಏಕೆಂದರೆ ಅಳತೆ ಆರಂಭವಾಗುವುದು ಅಲ್ಲಿಂದ. ಮರಳಿನ ಬಂಕರ್‌ನಲ್ಲಿ ಈ ಎರಡೂ ಡ್ರಾಪ್‌ಗಳನ್ನು ಬಂಕರ್‌ನ ಒಳಗೇ ಮಾಡಬೇಕು. ಮರಳಿನಿಂದ ಹೊರಬರಲೇಬೇಕೆಂದಿದ್ದರೆ ಒಟ್ಟು ಎರಡು ಹೊಡೆತಗಳ ದಂಡ ತೆತ್ತು, ಅದೇ ರೇಖೆಯ ಮೇಲೆ ಬಂಕರ್‌ನ ಹಿಂದೆ ಡ್ರಾಪ್ ಮಾಡುವ ನಾಲ್ಕನೆಯ ಅವಕಾಶವಿದೆ.

ಚೆಂಡನ್ನು ಎತ್ತುವ ಮೊದಲೇ ಅಳೆದು ನೋಡುವುದು ಒಳ್ಳೆಯದು. ಮೊದಲು ಎತ್ತಿ, ಅನಂತರ ಎರಡು ಕ್ಲಬ್ ಉದ್ದ ಅಳೆದಾಗ ಅದೇ ಪೊದೆಯೇ ಎದುರಾದರೆ ಪೇಚು ತಪ್ಪಿದ್ದಲ್ಲ. ಮನಸ್ಸು ಬದಲಿಸಿ ಚೆಂಡನ್ನು ಮೊದಲಿದ್ದಲ್ಲಿಯೇ ಇಟ್ಟು ಆಡುತ್ತೇನೆಂದರೂ, ಎತ್ತಿದ್ದಕ್ಕಾಗಿ ಒಂದು ಹೊಡೆತ ಸೇರುತ್ತದೆ. ಡ್ರಾಪ್ ಮಾಡಿದ ಚೆಂಡು ಪರಿಹಾರ ವಲಯದೊಳಗೇ ಮತ್ತೊಂದು ಕೆಟ್ಟ ಜಾಗದಲ್ಲಿ ನಿಂತರೂ ಅದು ಆಟದಲ್ಲಿದೆ. ಅಲ್ಲಿಂದ ಬಿಡಿಸಿಕೊಳ್ಳಲು ಇನ್ನೊಂದು ದಂಡವನ್ನೇ ತೆರಬೇಕು.

### ರಾಯಲ್ ಬರ್ಕ್‌ಡೇಲ್, 2017

ರೇಖೆಯ ಮೇಲೆ ಹಿಂದೆ ಸರಿಯುವ ಅವಕಾಶವನ್ನು ಎಷ್ಟು ದೂರ ಬಳಸಿಕೊಳ್ಳಬಹುದು ಎಂಬುದಕ್ಕೆ 2017ರ ಜುಲೈ 23ರಂದು ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಮೈದಾನದಲ್ಲಿ ನಡೆದ ಓಪನ್ ಚಾಂಪಿಯನ್‌ಶಿಪ್‌ನ ಕೊನೆಯ ಸುತ್ತು ಪ್ರಸಿದ್ಧ ಉದಾಹರಣೆ. ಅಮೆರಿಕದ ಜೋರ್ಡನ್ ಸ್ಪೀತ್ ಹದಿಮೂರನೆಯ ಕುಳಿಗೆ ಬರುವಾಗ ಮ್ಯಾಟ್ ಕುಚರ್ ಅವರೊಂದಿಗೆ ಸಮಸಮವಾಗಿದ್ದರು. ಅಲ್ಲಿ ಅವರ ಮೊದಲ ಹೊಡೆತ ಬಲಕ್ಕೆ ಬಹುದೂರ ಸಿಡಿದು, ಮರಳುದಿಬ್ಬದ ಕಡಿದಾದ ಇಳಿಜಾರಿನ ದಟ್ಟ ಹುಲ್ಲಿನಲ್ಲಿ ಬಿತ್ತು. ಚೆಂಡು ಸಿಕ್ಕಿತು, ಆದರೆ ಹೊಡೆಯಲು ಸಾಧ್ಯವಿರಲಿಲ್ಲ.

ಮೇಲೆ ಹೇಳಿದ ಮೂರು ದಾರಿಗಳೂ ಅವರ ಮುಂದಿದ್ದವು. ಟೀ ಅಂಗಳಕ್ಕೆ ಹಿಂದಿರುಗಿದರೆ ಮೂರನೆಯ ಹೊಡೆತವನ್ನು ಮತ್ತೆ ಅಲ್ಲಿಂದಲೇ ಹೊಡೆಯಬೇಕು. ಎರಡು ಕ್ಲಬ್ ಉದ್ದ ಪಕ್ಕಕ್ಕೆ ಸರಿದರೆ ಅದೇ ಇಳಿಜಾರು, ಅದೇ ಹುಲ್ಲು. ಅವರು ರೇಖೆಯನ್ನು ಆರಿಸಿಕೊಂಡರು. ದಿಬ್ಬದ ಹಿಂದೆ ಅಭ್ಯಾಸದ ಮೈದಾನವಿತ್ತು. ಆ ಮೈದಾನ ಎಲ್ಲೆಯ ಹೊರಗಿನದೆಂದು ಗುರುತಾಗಿರಲಿಲ್ಲ. ಇದನ್ನು ಕೇಳಿ ಖಚಿತಪಡಿಸಿಕೊಂಡದ್ದೇ ಅವರ ಜಾಣತನ. ರೇಖೆಯ ಮೇಲೆ ಅಷ್ಟು ಹಿಂದಕ್ಕೆ ಹೋದಾಗ ಆಟದ ಸಲಕರಣೆ ತಯಾರಕರ ಟ್ರಕ್ಕುಗಳು ಅಡ್ಡವಾದವು. ಅವು ತಾತ್ಕಾಲಿಕವಾಗಿ ನಿಲ್ಲಿಸಿದ ಅಡೆತಡೆಗಳಾದುದರಿಂದ ಅವುಗಳಿಂದ ದಂಡವಿಲ್ಲದ ಪರಿಹಾರ ದೊರೆಯಿತು. ಎಲ್ಲವೂ ಮುಗಿಯುವ ಹೊತ್ತಿಗೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಕುಚರ್ ತಾಳ್ಮೆಯಿಂದ ಕಾಯುತ್ತಿದ್ದರು.

ದಿಬ್ಬದಾಚೆಗೆ ಕುಳಿ ಕಾಣದಿದ್ದರೂ ಸ್ಪೀತ್ ತಮ್ಮ ಮೂರನೆಯ ಹೊಡೆತವನ್ನು ಗ್ರೀನ್‌ನ ಸಮೀಪಕ್ಕೆ ತಲುಪಿಸಿದರು. ನಾಲ್ಕನೆಯದು ಕುಳಿಯ ಹತ್ತಿರಕ್ಕೆ, ಐದನೆಯದು ಕುಳಿಯೊಳಕ್ಕೆ. ನಾಲ್ಕರ ಕುಳಿಯಲ್ಲಿ ಐದು. ನಷ್ಟ ಒಂದೇ ಹೊಡೆತದ್ದು. ಅನಂತರದ ನಾಲ್ಕು ಕುಳಿಗಳಲ್ಲಿ ಒಟ್ಟು ಐದು ಹೊಡೆತಗಳನ್ನು ಉಳಿಸಿ, ಮೂರು ಹೊಡೆತಗಳ ಅಂತರದಿಂದ ಪ್ರಶಸ್ತಿ ಗೆದ್ದರು.

## ಡ್ರಾಪ್ ಮಾಡುವ ಕ್ರಮ

'ಡ್ರಾಪ್' ಎಂದರೆ ಚೆಂಡನ್ನು ಕೈಯಿಂದ ಬಿಟ್ಟು ನೆಲಕ್ಕೆ ಬೀಳಿಸಿ ಆಟಕ್ಕೆ ತರುವುದು. ಟೀ ಅಂಗಳಕ್ಕೆ ಹಿಂದಿರುಗಿದವನು ಡ್ರಾಪ್ ಮಾಡಬೇಕಿಲ್ಲ. ಆ ಅಂಗಳದೊಳಗೆ ಎಲ್ಲಿಂದಾದರೂ, ಚೆಂಡನ್ನು ಟೀ ಮೇಲಿಟ್ಟೇ ಹೊಡೆಯಬಹುದು. ಹಿಂದಿನ ಹೊಡೆತ ಗ್ರೀನ್‌ನಿಂದ ಆಗಿದ್ದರೆ ಚೆಂಡನ್ನು ಅದೇ ಬಿಂದುವಿನಲ್ಲಿ ಇಡಬೇಕು. ಉಳಿದೆಲ್ಲ ಕಡೆ ಡ್ರಾಪ್ ಕಡ್ಡಾಯ. ದಂಡ ತೆತ್ತು ಪರಿಹಾರ ಪಡೆಯುವಾಗ ಹಳೆಯ ಚೆಂಡನ್ನೇ ಬಳಸಬೇಕೆಂದಿಲ್ಲ, ಬೇರೆ ಚೆಂಡೂ ಆಗಬಹುದು.

ಮೊದಲ ಕೆಲಸ ಪರಿಹಾರ ವಲಯವನ್ನು ಗುರುತಿಸುವುದು. ಇದಕ್ಕೆ ಅಳತೆಗೋಲು, ಆಟಗಾರನ ಚೀಲದಲ್ಲಿ ಪಟ್ಟರ್ ಬಿಟ್ಟು ಉಳಿದವುಗಳಲ್ಲಿ ಅತಿ ಉದ್ದನೆಯ ಕ್ಲಬ್. ಸಾಮಾನ್ಯವಾಗಿ ಅದು ಡ್ರೈವರ್, ಉದ್ದ ಸುಮಾರು 45 ಅಂಗುಲ. ಹಿಂದಿನ ಹೊಡೆತದ ಸ್ಥಳಕ್ಕೆ ಮರಳಿದಾಗ ಆ ಸ್ಥಳವೇ ಆಧಾರ ಬಿಂದು. ಅಲ್ಲಿಂದ ಒಂದು ಕ್ಲಬ್ ಉದ್ದ, ಕುಳಿಗೆ ಹತ್ತಿರವಾಗದಂತೆ. ಪಕ್ಕಕ್ಕೆ ಸರಿಯುವಾಗ ಎರಡು ಕ್ಲಬ್ ಉದ್ದ. ರೇಖೆಯ ಮೇಲಿನ ಡ್ರಾಪ್‌ಗೆ 2023ರಿಂದ ಕ್ರಮ ಸರಳವಾಗಿದೆ: ಚೆಂಡನ್ನು ರೇಖೆಯ ಮೇಲೆಯೇ ಬೀಳಿಸಬೇಕು, ಅದು ನೆಲ ಮುಟ್ಟಿದ ಬಿಂದುವಿನಿಂದ ಯಾವ ದಿಕ್ಕಿಗಾದರೂ ಒಂದು ಕ್ಲಬ್ ಉದ್ದದೊಳಗೆ ನಿಂತರೆ ಸಾಕು. ಸ್ವಲ್ಪ ಮುಂದಕ್ಕೆ ಉರುಳಿದರೂ ತಪ್ಪಿಲ್ಲ. ಮೂಲ ಚೆಂಡು ಇದ್ದ ಜಾಗಕ್ಕಿಂತ ಕುಳಿಗೆ ಹತ್ತಿರವಾಗಬಾರದು, ಅಷ್ಟೆ. ವಲಯದ ಅಂಚುಗಳಲ್ಲಿ ಟೀ ಕಡ್ಡಿಗಳನ್ನು ಚುಚ್ಚಿಟ್ಟರೆ ಅನಂತರ ವಾದಕ್ಕೆ ಎಡೆಯಿರುವುದಿಲ್ಲ.

ಡ್ರಾಪ್ ಅನ್ನು ಆಟಗಾರನು ತಾನೇ ಮಾಡಬೇಕು, ಕ್ಯಾಡಿ ಮಾಡುವಂತಿಲ್ಲ. ನೇರವಾಗಿ ನಿಂತಾಗ ಮೊಣಕಾಲು ಎಷ್ಟು ಎತ್ತರದಲ್ಲಿರುತ್ತದೆಯೋ ಅಷ್ಟೇ ಎತ್ತರದಿಂದ ಚೆಂಡನ್ನು ಬಿಡಬೇಕು. ಬಿಡುವಾಗ ಬಾಗಬೇಕಾಗುವುದು ಸಹಜ. ಎಸೆಯದೆ, ತಿರುಗಿಸದೆ, ಉರುಳಿಸದೆ, ನೇರವಾಗಿ ಕೆಳಕ್ಕೆ ಬೀಳುವಂತೆ ಬಿಡಬೇಕು. ನೆಲ ಮುಟ್ಟುವ ಮೊದಲು ಅದು ಆಟಗಾರನ ದೇಹಕ್ಕಾಗಲಿ ಸಲಕರಣೆಗಾಗಲಿ ತಾಗಬಾರದು, ಮತ್ತು ಪರಿಹಾರ ವಲಯದೊಳಗೇ ಬೀಳಬೇಕು. ರೇಖೆಯ ಡ್ರಾಪ್ ಆದರೆ ರೇಖೆಯ ಮೇಲೆಯೇ.

ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ಅದು ಡ್ರಾಪ್ ಎಂದು ಲೆಕ್ಕಕ್ಕೇ ಬರುವುದಿಲ್ಲ. ಹೊಡೆಯುವ ಮೊದಲು ಸರಿಪಡಿಸಿಕೊಂಡರೆ ದಂಡವಿಲ್ಲ. ಸರಿಯಾಗುವವರೆಗೆ ಎಷ್ಟು ಸಲವಾದರೂ ಮತ್ತೆ ಬಿಡಬೇಕು. ಕ್ರಮ ಸರಿಯಾಗಿದ್ದೂ ಚೆಂಡು ಉರುಳಿ ವಲಯದ ಹೊರಗೆ ಹೋದರೆ ಎರಡನೆಯ ಸಲ ಡ್ರಾಪ್ ಮಾಡಬೇಕು. ಆಗಲೂ ಹೊರಗೆ ಹೋದರೆ, ಎರಡನೆಯ ಡ್ರಾಪ್‌ನಲ್ಲಿ ಚೆಂಡು ಮೊದಲು ನೆಲ ಮುಟ್ಟಿದ ಬಿಂದುವಿನಲ್ಲಿ ಅದನ್ನು ಕೈಯಿಂದಲೇ ಇಡಬೇಕು. ಇಳಿಜಾರಿನಲ್ಲಿ ಇದು ಮೇಲಿಂದ ಮೇಲೆ ನಡೆಯುವ ಸಂಗತಿಯಾದುದರಿಂದ, ಎರಡನೆಯ ಸಲ ಬಿಡುವಾಗ ಚೆಂಡು ಎಲ್ಲಿ ನೆಲ ಮುಟ್ಟಿತೆಂಬುದನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ಇಟ್ಟ ಚೆಂಡೂ ನಿಲ್ಲದಿದ್ದರೆ ಅದೇ ಬಿಂದುವಿನಲ್ಲಿ ಇನ್ನೊಮ್ಮೆ ಇಡಬೇಕು. ಮತ್ತೂ ನಿಲ್ಲದಿದ್ದರೆ, ಕುಳಿಗೆ ಹತ್ತಿರವಾಗದಂತೆ, ಚೆಂಡು ನಿಲ್ಲುವ ಅತಿ ಸಮೀಪದ ಜಾಗದಲ್ಲಿ ಇಡಬೇಕು. ನೆಲ ಮುಟ್ಟಿದ ಬಳಿಕ ಅಕಸ್ಮಾತ್ತಾಗಿ ಆಟಗಾರನ ಪಾದಕ್ಕೆ ತಾಗಿ ವಲಯದೊಳಗೆ ನಿಂತ ಚೆಂಡಿಗೆ ಯಾವ ದೋಷವೂ ಇಲ್ಲ.

ಡ್ರಾಪ್‌ನ ಎತ್ತರ ಕಾಲಕಾಲಕ್ಕೆ ಬದಲಾಗಿದೆ. ಒಂದು ಕಾಲದಲ್ಲಿ ಚೆಂಡನ್ನು ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಬಿಡುತ್ತಿದ್ದರು. 1984ರಿಂದ ತೋಳನ್ನು ಚಾಚಿ ಭುಜದ ಎತ್ತರದಿಂದ ಬಿಡುವ ಪದ್ಧತಿ ಬಂತು. 2019ರಲ್ಲಿ ಅದು ಮೊಣಕಾಲಿಗೆ ಇಳಿಯಿತು. ಎತ್ತರ ಕಡಿಮೆಯಾದಷ್ಟೂ ಚೆಂಡು ಪುಟಿಯುವುದೂ ಕಡಿಮೆಯಾಗಿ, ವಲಯದೊಳಗೆ ಬೇಗ ನಿಲ್ಲುತ್ತದೆ.

ಬಹುಕಾಲದ ಅಭ್ಯಾಸ ಬಿಡುವುದು ವೃತ್ತಿಪರರಿಗೂ ಸುಲಭವಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದ ವಿಶ್ವ ಗಾಲ್ಫ್ ಚಾಂಪಿಯನ್‌ಶಿಪ್ ಸರಣಿಯ ಸ್ಪರ್ಧೆಯ ಎರಡನೆಯ ಸುತ್ತಿನಲ್ಲಿ, ಅಮೆರಿಕದ ರಿಕಿ ಫೌಲರ್ ಹತ್ತನೆಯ ಕುಳಿಯಲ್ಲಿ ಎರಡನೆಯ ಹೊಡೆತವನ್ನು ಎಲ್ಲೆಯಾಚೆಗೆ ಹೊಡೆದರು. ಹೊಡೆತ ಮತ್ತು ದೂರದ ದಂಡ ತೆತ್ತು, ಅದೇ ಜಾಗದಲ್ಲಿ ಹಳೆಯ ರೂಢಿಯಂತೆ ಭುಜದ ಎತ್ತರದಿಂದ ಚೆಂಡು ಬಿಟ್ಟು ಹೊಡೆದೇಬಿಟ್ಟರು. ಹೊಡೆಯುವ ಮುನ್ನ ನೆನಪಾಗಿದ್ದರೆ ಮತ್ತೊಮ್ಮೆ ಮೊಣಕಾಲೆತ್ತರದಿಂದ ಬಿಟ್ಟು ದಂಡದಿಂದ ಪಾರಾಗಬಹುದಿತ್ತು. ಹೊಡೆದದ್ದರಿಂದ ಇನ್ನೊಂದು ಹೊಡೆತ ಸೇರಿ, ನಾಲ್ಕರ ಕುಳಿಯಲ್ಲಿ ಏಳಾಯಿತು. ಚೆಂಡು ಸರಿಯಾದ ವಲಯದೊಳಗಿತ್ತು, ಬಿಟ್ಟ ರೀತಿ ಮಾತ್ರ ತಪ್ಪಿತ್ತು. ಆದುದರಿಂದ ದಂಡ ಒಂದೇ ಹೊಡೆತ.

ವಲಯವೇ ತಪ್ಪಿದರೆ ದಂಡ ಎರಡು ಹೊಡೆತ. ಕುಳಿಯಿಂದ ಕುಳಿಗೆ ಸೋಲು ಗೆಲುವು ನಿರ್ಧರಿಸುವ ಮ್ಯಾಚ್ ಪ್ಲೇ ಪಂದ್ಯದಲ್ಲಿ ಆ ಕುಳಿಯೇ ನಷ್ಟ. 2013ರ ಮಾಸ್ಟರ್ಸ್ ಸ್ಪರ್ಧೆಯ ಎರಡನೆಯ ಸುತ್ತಿನಲ್ಲಿ ಟೈಗರ್ ವುಡ್ಸ್‌ಗೆ ಹೀಗಾಯಿತು. ಹದಿನೈದನೆಯ ಕುಳಿಯಲ್ಲಿ ಅವರ ಚೆಂಡು ಧ್ವಜದ ಕಂಬಕ್ಕೆ ಬಡಿದು ಹಿಂದಕ್ಕೆ ಸಿಡಿದು ನೀರಿಗೆ ಬಿತ್ತು. ಅವರು ಹಿಂದಿನ ಹೊಡೆತದ ಸ್ಥಳಕ್ಕೆ ಮರಳುವ ದಾರಿಯನ್ನು ಆರಿಸಿಕೊಂಡರೂ, ಅಂತರ ಹೊಂದಿಸಿಕೊಳ್ಳಲು ಸುಮಾರು ಎರಡು ಗಜ ಹಿಂದೆ ಡ್ರಾಪ್ ಮಾಡಿದ್ದಾಗಿ ಆಟದ ಬಳಿಕ ತಾವೇ ಹೇಳಿದರು. ಎರಡು ಹೊಡೆತಗಳ ದಂಡ ಸೇರಿ ಆ ಕುಳಿಯ ಲೆಕ್ಕ ಆರರಿಂದ ಎಂಟಕ್ಕೇರಿತು. ಇಂದಿನ ನಿಯಮ ಒಂದು ಕ್ಲಬ್ ಉದ್ದದಷ್ಟು ಅವಕಾಶ ಕೊಡುತ್ತದೆ. ಎರಡು ಗಜ ಅದಕ್ಕಿಂತಲೂ ಹೆಚ್ಚು.

## ಐಚ್ಛಿಕ ಸ್ಥಳೀಯ ನಿಯಮ

ತಾತ್ಕಾಲಿಕ ಚೆಂಡನ್ನು ಆಡಲು ಮರೆತು, ಮುಂದೆ ಬಂದ ಮೇಲೆ ಚೆಂಡು ಸಿಗದಿದ್ದರೆ ಹಿಂದಿರುಗುವುದು ಸಾಮಾನ್ಯ ಆಟದಲ್ಲಿ ಕಷ್ಟವೆಂಬುದನ್ನು ನಿಯಮ ರೂಪಿಸುವವರೂ ಒಪ್ಪಿದ್ದಾರೆ. 2019ರಿಂದ ಒಂದು ಮಾದರಿ ಸ್ಥಳೀಯ ನಿಯಮ ಲಭ್ಯವಿದೆ. ಮೈದಾನದ ಸಮಿತಿ ಅದನ್ನು ಜಾರಿಗೆ ತಂದಿದ್ದರೆ, ಆಟಗಾರನು ಒಂದರ ಬದಲು ಎರಡು ಹೊಡೆತಗಳ ದಂಡ ತೆತ್ತು, ಚೆಂಡು ಕಳೆದ ಅಥವಾ ಎಲ್ಲೆ ದಾಟಿದ ಅಂದಾಜು ಬಿಂದುವಿಗೂ ಸಮೀಪದ ಫೇರ್‌ವೇಯ ಅಂಚಿಗೂ ನಡುವಿನ ವಿಶಾಲ ವಲಯದಲ್ಲಿ, ಕುಳಿಗೆ ಹತ್ತಿರವಾಗದಂತೆ ಡ್ರಾಪ್ ಮಾಡಬಹುದು. ಫೇರ್‌ವೇಯೊಳಕ್ಕೂ ಎರಡು ಕ್ಲಬ್ ಉದ್ದದಷ್ಟು ಹೋಗಬಹುದು. ಟೀ ಅಂಗಳದ ಮೊದಲ ಹೊಡೆತ ಹೀಗಾದರೆ ಮುಂದಿನದು ನಾಲ್ಕನೆಯ ಹೊಡೆತವಾಗುತ್ತದೆ. ಟೀ ಅಂಗಳಕ್ಕೆ ಮರಳಿ ಮೂರನೆಯದನ್ನು ಒಳ್ಳೆಯ ಜಾಗಕ್ಕೆ ಹೊಡೆದಿದ್ದರೂ ಮುಂದಿನದು ನಾಲ್ಕನೆಯದೇ ಆಗುತ್ತಿತ್ತು.

ಮೊದಲ ಚೆಂಡಿಗಾಗಿ ತಾತ್ಕಾಲಿಕ ಚೆಂಡನ್ನು ಈಗಾಗಲೇ ಹೊಡೆದಿದ್ದವರು ಆ ಮೊದಲ ಚೆಂಡಿನ ಬದಲಿಗೆ ಈ ಸೌಲಭ್ಯ ಪಡೆಯುವಂತಿಲ್ಲ. ಆಡಲಾಗದ ಚೆಂಡಿಗೂ ಇದು ಅನ್ವಯಿಸುವುದಿಲ್ಲ. ಉನ್ನತ ಮಟ್ಟದ ಸ್ಪರ್ಧೆಗಳಿಗಾಗಿ ರೂಪಿಸಿದ್ದೂ ಇದಲ್ಲ. ಅಲ್ಲಿ ಹೊಡೆತ ಮತ್ತು ದೂರದ ದಂಡವೇ ಮುಂದುವರಿದಿದೆ. ಒಂದು ಮೈದಾನದಲ್ಲಿ ಈ ನಿಯಮ ಜಾರಿಯಲ್ಲಿದೆಯೇ ಎಂಬುದು ಸಾಮಾನ್ಯವಾಗಿ ಅಂಕಪಟ್ಟಿಯ ಹಿಂಬದಿಯಲ್ಲಿ ಅಥವಾ ಸೂಚನಾ ಫಲಕದಲ್ಲಿ ನಮೂದಾಗಿರುತ್ತದೆ.